ಸಣ್ಣ ಕಚೇರಿಗೊಂದು ಅಸೆಟ್ ರಿಜಿಸ್ಟರ್: ಸೀರಿಯಲ್ ನಂಬರ್, ಬಳಕೆದಾರ, ವಾರಂಟಿ

ಲ್ಯಾಪ್‌ಟಾಪ್ ಕೆಟ್ಟು ನಿಂತ ದಿನ ತಯಾರಕರ ಸಹಾಯವಾಣಿಗೆ ಕರೆ ಮಾಡಿದರೆ ಅವರು ಮೊದಲು ಕೇಳುವುದು ಸೀರಿಯಲ್ ನಂಬರನ್ನು. ಯಂತ್ರವೇ ಚಾಲೂ ಆಗದಿರುವುದರಿಂದ ಅದನ್ನು ಪರದೆಯ ಮೇಲೆ ನೋಡಿ ಹೇಳುವಂತಿಲ್ಲ. ಅಡಿಭಾಗದ ಚೀಟಿ ಎರಡು ವರ್ಷ ಮೇಜಿಗೆ ಉಜ್ಜಿ ಅಕ್ಷರ ಅಳಿಸಿಹೋಗಿದೆ. ಹುಡುಕಿ ತೆಗೆದ ಬಿಲ್ಲಿನಲ್ಲಿ ಒಂದೇ ಮಾದರಿಯ ಆರು ಲ್ಯಾಪ್‌ಟಾಪ್‌ಗಳ ಆರು ನಂಬರ್‌ಗಳಿವೆ, ಅವುಗಳಲ್ಲಿ ಈ ಮೇಜಿನ ಮೇಲಿರುವುದು ಯಾವುದೆಂದು ಹೇಳಬಲ್ಲವರು ಯಾರೂ ಇಲ್ಲ. ವಾರಂಟಿ ಇನ್ನೂ ಇದ್ದರೂ ಅದನ್ನು ಪಡೆಯಲು ಅರ್ಧ ದಿನ ಅಲೆದಾಡಬೇಕಾಗುತ್ತದೆ. ಅಸೆಟ್ ರಿಜಿಸ್ಟರ್, ಅಂದರೆ ಕಚೇರಿಯ ಉಪಕರಣಗಳ ದಾಖಲೆ ಪಟ್ಟಿ, ಈ ಅರ್ಧ ದಿನವನ್ನು ಮೊದಲೇ ಉಳಿಸಿಕೊಳ್ಳುವ ಏರ್ಪಾಡು.

ಹತ್ತರಿಂದ ನಲವತ್ತು ಜನರಿರುವ ಕಚೇರಿಗೆ ಇದಕ್ಕಾಗಿ ಪ್ರತ್ಯೇಕ ತಂತ್ರಾಂಶ ಬೇಕಾಗುವುದಿಲ್ಲ, ಸರಿಯಾಗಿ ಹಾಕಿದ ಒಂದು ಸ್ಪ್ರೆಡ್‌ಶೀಟ್ ಸಾಕು. ಆದರೆ ಹೆಚ್ಚಿನ ಕಚೇರಿಗಳಲ್ಲಿ ಇಂಥ ಶೀಟ್ ಒಂದು ವರ್ಷದೊಳಗೆ ನಂಬಿಕೆ ಕಳೆದುಕೊಳ್ಳುತ್ತದೆ. ಇದಕ್ಕೆ ಕಾರಣ ಸೋಮಾರಿತನವಲ್ಲ, ಶೀಟಿನ ರಚನೆ. ಸೀರಿಯಲ್ ನಂಬರ್, ಬಳಕೆದಾರರ ಹೆಸರು, ವಾರಂಟಿ ದಿನಾಂಕ ಈ ಮೂರೂ ಕಾಲಂಗಳು ನೋಡಲು ಒಂದೇ ಬಗೆಯವು, ಆದರೆ ಕೆಡುವ ರೀತಿ ಬೇರೆ ಬೇರೆ. ಸೀರಿಯಲ್ ನಂಬರ್ ಬರೆಯುವ ಕ್ಷಣದಲ್ಲೇ ತಪ್ಪಾಗುತ್ತದೆ, ಅನಂತರ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಬಳಕೆದಾರರ ಹೆಸರು ಬರೆದಾಗ ಸರಿಯಾಗಿಯೇ ಇರುತ್ತದೆ, ಆದರೆ ವಸ್ತು ಕೈ ಬದಲಾಯಿಸಿದ ದಿನ ತಪ್ಪಾಗುತ್ತದೆ. ವಾರಂಟಿ ದಿನಾಂಕ ಬಿಲ್ ನೋಡಿ ಬರೆದುಕೊಂಡ ಊಹೆಯಾಗಿರುತ್ತದೆ, ತಯಾರಕರ ದಾಖಲೆಯಲ್ಲಿ ಬೇರೆಯೇ ಇರಬಹುದು. ಆದ್ದರಿಂದ ಮೂರಕ್ಕೂ ಬೇರೆ ಬೇರೆ ರಕ್ಷಣೆ ಬೇಕು.

ಯಾವುದನ್ನು ಬರೆಯಬೇಕು, ಯಾವ ಹೆಸರಿನಿಂದ

ಕಚೇರಿಯಲ್ಲಿರುವ ಪ್ರತಿಯೊಂದು ತಂತಿಯನ್ನೂ ರಿಜಿಸ್ಟರಿಗೆ ಸೇರಿಸಲು ಹೊರಟವರು ಮೂರನೆಯ ದಿನ ಕೈಬಿಡುತ್ತಾರೆ. ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು: ತನ್ನದೇ ಸೀರಿಯಲ್ ನಂಬರ್ ಇದ್ದು, ಕೆಟ್ಟರೆ ವಾರಂಟಿ ಕೇಳುವಷ್ಟು ಬೆಲೆಯುಳ್ಳದ್ದಾದರೆ ಅಥವಾ ಒಬ್ಬರ ಜೊತೆ ಕಚೇರಿಯಿಂದ ಹೊರಗೆ ಹೋಗುವಂಥದ್ದಾದರೆ ಅದಕ್ಕೊಂದು ಸಾಲು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮಾನಿಟರ್, ಮುದ್ರಕ, ರೂಟರ್, ಸ್ವಿಚ್, ಯುಪಿಎಸ್, ಪ್ರೊಜೆಕ್ಟರ್, ಕಚೇರಿ ಕೊಟ್ಟ ಫೋನ್, ಹೊರಗಿನ ಹಾರ್ಡ್ ಡಿಸ್ಕ್ ಇವೆಲ್ಲ ಒಳಗೆ ಬರುತ್ತವೆ. ಮೌಸ್, ಕೀಬೋರ್ಡ್, ಕೇಬಲ್‌ಗಳು ಬರುವುದಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್‌ಗೆ ಪ್ರತ್ಯೇಕ ಸಾಲು ಬೇಡ, ಆದರೆ ಅದನ್ನು ಯಾರಿಗೆ ಕೊಟ್ಟಿದ್ದೇವೆ ಎಂಬುದು ಹಸ್ತಾಂತರದ ಟಿಪ್ಪಣಿಯಲ್ಲಿ ಇರಲೇಬೇಕು, ಏಕೆಂದರೆ ಹಿಂದಿರುಗಿಸುವಾಗ ಬಹಳ ಸಲ ಕಾಣೆಯಾಗುವುದು ಅದೇ.

ಪ್ರತಿ ವಸ್ತುವಿಗೆ ಕಚೇರಿಯೇ ಒಂದು ಸಂಖ್ಯೆ ಕೊಡಬೇಕು. ಸೀರಿಯಲ್ ನಂಬರ್ ಇರುವಾಗ ಇನ್ನೊಂದು ಏಕೆ ಎಂಬ ಪ್ರಶ್ನೆ ಸಹಜ. ಸೀರಿಯಲ್ ನಂಬರ್ ಉದ್ದವಾಗಿರುತ್ತದೆ, ಸಣ್ಣ ಅಕ್ಷರದಲ್ಲಿ ಅಡಿಭಾಗದಲ್ಲಿರುತ್ತದೆ, ರಿಪೇರಿಯಲ್ಲಿ ಬದಲಾಗುವುದೂ ಉಂಟು, ಫೋನಿನಲ್ಲಿ ಓದಿ ಹೇಳುವಾಗ ತಪ್ಪುವುದಂತೂ ಖಂಡಿತ. ಕಚೇರಿಯ ಸಂಖ್ಯೆ LT-007 ಎಂಬಂತೆ ಚಿಕ್ಕದಾಗಿರಲಿ: ಮೊದಲ ಎರಡು ಅಕ್ಷರ ವಸ್ತುವಿನ ಬಗೆ, ಮುಂದಿನ ಮೂರು ಅಂಕಿ ಕ್ರಮಸಂಖ್ಯೆ. ಅದರೊಳಗೆ ವಿಭಾಗದ ಹೆಸರನ್ನಾಗಲಿ, ಕೋಣೆಯ ಹೆಸರನ್ನಾಗಲಿ, ವ್ಯಕ್ತಿಯ ಹೆಸರನ್ನಾಗಲಿ ಸೇರಿಸಬಾರದು, ಏಕೆಂದರೆ ಅವು ಬದಲಾಗುತ್ತವೆ ಮತ್ತು ಅಂಟಿಸಿದ ಚೀಟಿ ಬದಲಾಗುವುದಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ಆ ವಸ್ತು ವಿಲೇವಾರಿಯಾದ ಮೇಲೂ, ಇನ್ನೊಂದಕ್ಕೆ ಕೊಡಬಾರದು.

ಚೀಟಿಯನ್ನು ಗಾಳಿ ಹೋಗುವ ಕಿಂಡಿಗಳ ಮೇಲೆ, ತಯಾರಕರ ಚೀಟಿಯ ಮೇಲೆ ಅಥವಾ ಬಿಚ್ಚಿ ತೆಗೆಯುವ ಬ್ಯಾಟರಿಯ ಮೇಲೆ ಅಂಟಿಸದಿರಿ. ಕಾಗದದ ಚೀಟಿಗಿಂತ ಪ್ಲಾಸ್ಟಿಕ್ ಪದರದ ಚೀಟಿ ಹೆಚ್ಚು ಬಾಳುತ್ತದೆ. ರಿಪೇರಿಯಿಂದ ಬಂದ ಲ್ಯಾಪ್‌ಟಾಪಿನ ಅಡಿಯ ಹೊದಿಕೆಯನ್ನು ಹೊಸದಾಗಿ ಹಾಕಿದ್ದರೆ ನಮ್ಮ ಚೀಟಿ ಹಳೆಯ ಹೊದಿಕೆಯೊಂದಿಗೆ ಹೋಗಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಸೀರಿಯಲ್ ನಂಬರ್: ಬರೆಯುವ ಕ್ಷಣದ ಎಚ್ಚರ

ಸೀರಿಯಲ್ ನಂಬರನ್ನು ಪೆಟ್ಟಿಗೆಯ ಮೇಲಿಂದ ಓದಿ ಬರೆಯುವುದು ಸುಲಭ, ಮತ್ತು ತಪ್ಪುಗಳ ದೊಡ್ಡ ಮೂಲವೂ ಅದೇ. ಒಂದೇ ಮಾದರಿಯ ಆರು ಪೆಟ್ಟಿಗೆಗಳನ್ನು ಒಂದೇ ಮಧ್ಯಾಹ್ನ ಬಿಚ್ಚಿದರೆ ಯಾವ ಯಂತ್ರ ಯಾವ ಪೆಟ್ಟಿಗೆಯದೆಂಬುದು ಸಂಜೆಯ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಸಾಧ್ಯವಿರುವ ಕಡೆಯಲ್ಲೆಲ್ಲ ನಂಬರನ್ನು ಯಂತ್ರದಿಂದಲೇ ಕೇಳಿ ಪಡೆಯಬೇಕು. ವಿಂಡೋಸ್ ಇರುವ ಯಂತ್ರದಲ್ಲಿ ಪವರ್‌ಶೆಲ್ ತೆರೆದು ಇದನ್ನು ಬರೆದರೆ ಸಾಕು:

```
(Get-CimInstance Win32_BIOS).SerialNumber
```

ಹಳೆಯ ಬರಹಗಳಲ್ಲಿ ಇದಕ್ಕೆ `wmic bios get serialnumber` ಎಂಬ ಆದೇಶವನ್ನು ಕೊಟ್ಟಿರುತ್ತಾರೆ. ಹೊಸ ವಿಂಡೋಸ್ ಆವೃತ್ತಿಗಳಲ್ಲಿ ಆ ಉಪಕರಣ ಇಲ್ಲದಿರಬಹುದು, ಹಾಗಾಗಿ ಮೇಲಿನದನ್ನೇ ರೂಢಿಸಿಕೊಳ್ಳುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಆದೇಶ ಹೀಗಿದೆ:

```
sudo dmidecode -s system-serial-number
```

ಮ್ಯಾಕ್‌ನಲ್ಲಿ ಮೂಲೆಯ ಮೆನುವಿನ About This Mac ಎಂಬಲ್ಲಿ ನಂಬರ್ ಸಿಗುತ್ತದೆ. ಪರದೆಯಿಂದ ನಕಲು ಮಾಡಿ ನೇರವಾಗಿ ಶೀಟಿಗೆ ಅಂಟಿಸಬೇಕು, ಕಣ್ಣಿನಿಂದ ಓದಿ ಬೆರಳಿನಿಂದ ಒತ್ತುವ ಹಂತವೇ ಬರಬಾರದು. ಸೊನ್ನೆಗೂ O ಅಕ್ಷರಕ್ಕೂ, 8ಕ್ಕೂ B ಅಕ್ಷರಕ್ಕೂ, 5ಕ್ಕೂ S ಅಕ್ಷರಕ್ಕೂ ಆಗುವ ಗೊಂದಲ ಆ ಹಂತದಲ್ಲೇ ಹುಟ್ಟುವುದು. ಮಾನಿಟರ್, ಮುದ್ರಕ, ಯುಪಿಎಸ್‌ಗಳ ವಿಷಯದಲ್ಲಿ ಹಿಂಭಾಗದ ಚೀಟಿಯನ್ನೇ ಓದಬೇಕಾಗುತ್ತದೆ. ಅಲ್ಲಿ ಮೊದಲು ಫೋನಿನಿಂದ ಚೀಟಿಯ ಚಿತ್ರ ತೆಗೆದು, ಚಿತ್ರವನ್ನು ದೊಡ್ಡದು ಮಾಡಿ ಓದಿ, ಆ ಚಿತ್ರವನ್ನು ಕಚೇರಿಯ ಸಂಖ್ಯೆಯ ಹೆಸರಿನಲ್ಲೇ ಉಳಿಸಿಡಬೇಕು. ಗೋಡೆಗೆ ಬಿಗಿಯುವ ಪರದೆಗಳ ಚಿತ್ರವನ್ನು ಬಿಗಿಯುವ ಮೊದಲೇ ತೆಗೆದಿಟ್ಟುಕೊಂಡರೆ ಮುಂದೆ ಸ್ಕ್ರೂ ಬಿಚ್ಚುವ ಕೆಲಸ ತಪ್ಪುತ್ತದೆ.

ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ ಡೆಸ್ಕ್‌ಟಾಪ್ ಬಂದಾಗ ಈ ಕ್ರಮ ಮುಗ್ಗರಿಸುತ್ತದೆ. ಅಂಥ ಯಂತ್ರದಲ್ಲಿ ಮೇಲಿನ ಆದೇಶ ಕೊಟ್ಟರೆ To Be Filled By O.E.M. ಎಂದೋ Default string ಎಂದೋ ಉತ್ತರ ಬರುತ್ತದೆ. ಇದು ದೋಷವಲ್ಲ, ಇಡೀ ಯಂತ್ರಕ್ಕೆ ಒಬ್ಬ ತಯಾರಕರಿಲ್ಲದ ಕಾರಣ ಆ ಜಾಗವನ್ನು ಯಾರೂ ತುಂಬಿಲ್ಲ ಎಂದಷ್ಟೇ ಅರ್ಥ. ನಾನು ನೋಡಿದ ಒಂದು ಶೀಟಿನಲ್ಲಿ ಒಂಬತ್ತು ಯಂತ್ರಗಳ ಸೀರಿಯಲ್ ನಂಬರ್ ಒಂದೇ ಆಗಿತ್ತು, ಅದು Default string. ಇಂಥ ಯಂತ್ರದಲ್ಲಿ ವಾರಂಟಿ ಇರುವುದು ಭಾಗಗಳಿಗೆ: ಮದರ್‌ಬೋರ್ಡಿಗೆ ಒಂದು ಅವಧಿ, ಡಿಸ್ಕಿಗೆ ಇನ್ನೊಂದು, ಪವರ್ ಸಪ್ಲೈಗೆ ಮತ್ತೊಂದು. ಹಾಗಾಗಿ ಡೆಸ್ಕ್‌ಟಾಪ್‌ಗೆ ಒಂದು ಸಂಖ್ಯೆ ಕೊಟ್ಟು, ಭಾಗಗಳಿಗೆಂದು ಬೇರೊಂದು ಶೀಟಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್, ವಾರಂಟಿ ಮತ್ತು ಅದು ಯಾವ ಡೆಸ್ಕ್‌ಟಾಪಿನೊಳಗಿದೆ ಎಂಬುದನ್ನು ಬರೆಯಬೇಕು. ಡಿಸ್ಕನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಆ ಶೀಟಿನಲ್ಲಿ ಒಂದು ಕೋಶ ಬದಲಾದರೆ ಸಾಕು. ಈ ಮಾಹಿತಿಯನ್ನು ಯಂತ್ರ ಜೋಡಿಸುವ ದಿನವೇ ಪಡೆಯುವುದು ಸುಲಭ, ಏಕೆಂದರೆ ಪವರ್ ಸಪ್ಲೈಯ ಚೀಟಿ ಹೆಚ್ಚಾಗಿ ಒಳಗಡೆಯೇ ಇರುತ್ತದೆ.

ಇನ್ನು ಸ್ಪ್ರೆಡ್‌ಶೀಟ್ ತಾನಾಗಿಯೇ ಮಾಡುವ ಹಾನಿ. ಇದನ್ನು ಹತ್ತಿರದಿಂದ ನೋಡಬೇಕು. ಹೊಸ ಶೀಟಿನ ಕೋಶವೊಂದರಲ್ಲಿ 4820E17 ಎಂಬ ಸೀರಿಯಲ್ ನಂಬರನ್ನು ಅಂಟಿಸಿ ಎಂಟರ್ ಒತ್ತಿ. ಕೋಶದಲ್ಲಿ 4.82E+20 ಎಂದು ಕಾಣುತ್ತದೆ. ನಡುವಿನ E ಅಕ್ಷರವನ್ನು ಎಕ್ಸೆಲ್ ಹತ್ತರ ಘಾತವೆಂದು ತಿಳಿದು ಇಡೀ ನಂಬರನ್ನು ಸಂಖ್ಯೆಯಾಗಿ ಬದಲಾಯಿಸಿದೆ. ಆಮೇಲೆ ಕೋಶವನ್ನು ಪಠ್ಯದ ರೂಪಕ್ಕೆ ತಂದರೂ ಮೂಲ ನಂಬರ್ ಹಿಂದಿರುಗುವುದಿಲ್ಲ, ಅದು ಹೋದದ್ದು ಹೋಯಿತು. ಇದೇ ರೀತಿ 00731 ಎಂದು ಶುರುವಾಗುವ ನಂಬರಿನ ಮುಂದಿನ ಸೊನ್ನೆಗಳು ಉದುರುತ್ತವೆ, ಮತ್ತು ಬರೀ ಅಂಕಿಗಳಿಂದಾದ ನಂಬರ್ 15 ಅಂಕಿಗಿಂತ ಉದ್ದವಿದ್ದರೆ ಹದಿನಾರನೆಯ ಅಂಕಿಯಿಂದ ಮುಂದಿನವೆಲ್ಲ ಸೊನ್ನೆಯಾಗುತ್ತವೆ. ಫೋನಿನಲ್ಲಿ `*#06#` ಒತ್ತಿದಾಗ ಕಾಣುವ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಸರಿಯಾಗಿ 15 ಅಂಕಿ ಇರುವುದರಿಂದ ಸ್ವಲ್ಪದರಲ್ಲಿ ಪಾರಾಗುತ್ತದೆ. ಎರಡು ಸಿಮ್‌ನ ಫೋನಿನಲ್ಲಿ ಇದು ಎರಡಿರುತ್ತದೆ, ಎರಡನ್ನೂ ಬರೆಯಬೇಕು. ಪರಿಹಾರ ಒಂದೇ: ಮೊದಲ ನಂಬರನ್ನು ಬರೆಯುವುದಕ್ಕೆ ಮುಂಚೆಯೇ ಇಡೀ ಸೀರಿಯಲ್ ಕಾಲಂ ಅನ್ನು Text ರೂಪಕ್ಕೆ ಬದಲಾಯಿಸಿಡುವುದು. ಶೀಟನ್ನು ಸಿಎಸ್‌ವಿ ಕಡತವಾಗಿ ಉಳಿಸಿ ಅದನ್ನೇ ಎಕ್ಸೆಲ್‌ನಲ್ಲಿ ಮತ್ತೆ ತೆರೆದರೆ ಈ ರಕ್ಷಣೆ ಕಳಚಿಹೋಗುತ್ತದೆ, ಆದ್ದರಿಂದ ರಿಜಿಸ್ಟರನ್ನು ಶೀಟಿನ ಮೂಲ ರೂಪದಲ್ಲೇ ಇಡಬೇಕು.

ಎಲ್ಲ ನಂಬರ್‌ಗಳೂ ಬಂದ ಮೇಲೆ ಒಂದೇ ನಂಬರ್ ಎರಡು ಸಾಲಿನಲ್ಲಿದೆಯೇ ಎಂದು ನೋಡಬೇಕು. ಇದಕ್ಕೆ ಹಲವರು COUNTIF ಎಂಬ ಎಣಿಕೆಯ ಸೂತ್ರ ಬಳಸುತ್ತಾರೆ. ಅದು ಪಠ್ಯವಾಗಿ ಬರೆದ ಅಂಕಿಗಳನ್ನೂ ಸಂಖ್ಯೆಯೆಂದೇ ಹೋಲಿಸುವುದರಿಂದ, ಮೊದಲ 15 ಅಂಕಿ ಒಂದೇ ಇರುವ ಎರಡು ಉದ್ದ ನಂಬರ್‌ಗಳನ್ನು ಒಂದೇ ಎಂದು ತಪ್ಪಾಗಿ ತೋರಿಸಬಲ್ಲದು. ಸೀರಿಯಲ್ ನಂಬರ್ D ಕಾಲಂನಲ್ಲಿದ್ದರೆ ಈ ಸೂತ್ರ ಆ ತಪ್ಪು ಮಾಡುವುದಿಲ್ಲ:

```
=SUMPRODUCT(--($D$2:$D$200=D2))
```

ಉತ್ತರ 1 ಬಂದರೆ ಸರಿ. 2 ಬಂದರೆ ಆ ಎರಡು ವಸ್ತುಗಳ ಬಳಿ ಹೋಗಿ ಮತ್ತೆ ಓದಬೇಕು, ಕುಳಿತಲ್ಲಿಂದ ಊಹಿಸಿ ತಿದ್ದಬಾರದು.

ಯಾರ ಕೈಯಲ್ಲಿದೆ

ಬಳಕೆದಾರರ ಕಾಲಂನಲ್ಲಿ ಹಳೆಯ ಹೆಸರನ್ನು ಅಳಿಸಿ ಹೊಸ ಹೆಸರು ಬರೆಯುವುದು ಎಲ್ಲರೂ ಮಾಡುವ ಕೆಲಸ. ಆ ಒಂದು ಅಳಿಸುವಿಕೆಯೊಂದಿಗೆ, ಕಳೆದ ಮಾರ್ಚ್‌ನಲ್ಲಿ ಈ ಲ್ಯಾಪ್‌ಟಾಪ್ ಯಾರ ಬಳಿ ಇತ್ತು ಎಂಬ ಪ್ರಶ್ನೆಗೆ ಉತ್ತರವೂ ಅಳಿಯುತ್ತದೆ. ಕಳೆದುಹೋದ ಯಂತ್ರ, ಒಡೆದ ಪರದೆ, ಹಿಂದಿರುಗದ ಚಾರ್ಜರ್ ಇವುಗಳ ವಿಚಾರ ಬಂದಾಗ ಬೇಕಾಗುವುದು ಈ ಹಳೆಯ ಉತ್ತರವೇ. ಹಾಗಾಗಿ ಹೆಸರನ್ನು ಮುಖ್ಯ ಶೀಟಿನಲ್ಲಿ ಬರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಹಸ್ತಾಂತರದ ಇನ್ನೊಂದು ಶೀಟ್ ಇರಬೇಕು.

ಆ ಶೀಟಿಗೆ Movements ಎಂದು ಹೆಸರಿಡೋಣ. ಅದರಲ್ಲಿ ಐದು ಕಾಲಂಗಳು ಸಾಕು: ದಿನಾಂಕ, ಕಚೇರಿಯ ಸಂಖ್ಯೆ, ಯಾರಿಂದ, ಯಾರಿಗೆ, ಟಿಪ್ಪಣಿ. ವಸ್ತು ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ಕೆಳಗಡೆ ಒಂದು ಹೊಸ ಸಾಲು ಸೇರುತ್ತದೆ, ಹಳೆಯ ಸಾಲನ್ನು ಯಾರೂ ಮುಟ್ಟುವುದಿಲ್ಲ. ಕಪಾಟಿಗೆ ಹೋದರೆ "ದಾಸ್ತಾನು", ರಿಪೇರಿಗೆ ಹೋದರೆ "ರಿಪೇರಿ" ಎಂಬುದೇ ಪಡೆದವರ ಹೆಸರಾಗುತ್ತದೆ. ಮುಖ್ಯ ಶೀಟಿನ ಬಳಕೆದಾರರ ಕಾಲಂ ಈ ಸಾಲುಗಳಿಂದ ತಾನೇ ಹೆಸರನ್ನು ಎತ್ತಿಕೊಳ್ಳುತ್ತದೆ:

```
=XLOOKUP(A2,Movements!B:B,Movements!D:D,"",0,-1)
```

ಕೊನೆಯ -1 ಎಂಬುದು ಕೆಳಗಿನಿಂದ ಮೇಲಕ್ಕೆ ಹುಡುಕು ಎಂಬ ಸೂಚನೆ. ಹಾಗಾಗಿ A2 ಕೋಶದಲ್ಲಿರುವ ಸಂಖ್ಯೆಗೆ ಸಂಬಂಧಿಸಿದ ಅತ್ಯಂತ ಇತ್ತೀಚಿನ ಹಸ್ತಾಂತರದಲ್ಲಿ ಪಡೆದವರ ಹೆಸರು ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಹೊಸ ಎಕ್ಸೆಲ್‌ನಲ್ಲೂ ಇದು ಕೆಲಸ ಮಾಡುತ್ತದೆ, ಆದರೆ 2019 ಮತ್ತು ಅದಕ್ಕಿಂತ ಹಳೆಯ ಎಕ್ಸೆಲ್‌ನಲ್ಲಿ ಈ ಸೂತ್ರವೇ ಇಲ್ಲ. ಒಂದು ಷರತ್ತೂ ಇದೆ: ಹಸ್ತಾಂತರದ ಶೀಟನ್ನು ಬೇರೆ ಕ್ರಮಕ್ಕೆ ವಿಂಗಡಿಸಿದರೆ ಕೊನೆಯ ಸಾಲು ಕೊನೆಯದಾಗಿ ಉಳಿಯುವುದಿಲ್ಲ, ಸೂತ್ರ ಸದ್ದಿಲ್ಲದೆ ತಪ್ಪು ಹೆಸರು ಕೊಡುತ್ತದೆ. ನೋಡುವುದಕ್ಕೆ ಫಿಲ್ಟರ್ ಬಳಸಬಹುದು, ವಿಂಗಡಣೆಯನ್ನು ಮಾತ್ರ ಮುಟ್ಟಬಾರದು.

ಹಂಚಿಕೊಂಡು ಬಳಸುವ ಮುದ್ರಕ, ಸಭಾಕೋಣೆಯ ಪ್ರೊಜೆಕ್ಟರ್ ಇವುಗಳ ಮುಂದೆ "ಎಲ್ಲರೂ" ಎಂದು ಬರೆದರೆ ಯಾರೂ ಇಲ್ಲವೆಂದೇ ಅರ್ಥ. ಅವುಗಳಿಗೂ ಒಬ್ಬರ ಹೆಸರಿರಲಿ. ಅವರು ಅದನ್ನು ಬಳಸುವವರಾಗಬೇಕಿಲ್ಲ, ಅದು ಎಲ್ಲಿದೆ ಎಂದು ಕೇಳಿದರೆ ಹೇಳಬಲ್ಲವರಾದರೆ ಸಾಕು.

ಉದ್ಯೋಗಿ ಕೆಲಸ ಬಿಡುವ ದಿನದ ಪರಿಶೀಲನೆಯಲ್ಲಿ ಮಾದರಿಯ ಹೆಸರು ನೋಡಿ ತೃಪ್ತರಾಗಬಾರದು. ಒಂದು ಕಚೇರಿಯಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಹೊರಡುತ್ತಿದ್ದವರು ತಂದುಕೊಟ್ಟ ಲ್ಯಾಪ್‌ಟಾಪ್ ರಿಜಿಸ್ಟರಿನಲ್ಲಿದ್ದ ಮಾದರಿಯದೇ ಆಗಿತ್ತು, ಬಣ್ಣವೂ ಅದೇ, ಚೀಲವೂ ಅದೇ. ಪಡೆದು ಸಹಿ ಹಾಕಿದೆ. ನಾಲ್ಕು ತಿಂಗಳ ನಂತರ ಪಕ್ಕದ ಮೇಜಿನ ಲ್ಯಾಪ್‌ಟಾಪ್ ಕೆಟ್ಟು ಸಹಾಯವಾಣಿಗೆ ನಂಬರ್ ಹೇಳಿದಾಗ, ಆ ನಂಬರಿನ ವಾರಂಟಿ ಮುಗಿದು ಬಹಳ ಕಾಲವಾಗಿದೆ ಎಂದರು. ಅವರಿಬ್ಬರೂ ಯಾವಾಗಲೋ ಯಂತ್ರಗಳನ್ನು ಅದಲು ಬದಲು ಮಾಡಿಕೊಂಡಿದ್ದರು, ಹೊಸದು ನನ್ನ ಕಪಾಟಿನಲ್ಲಿ ಹಳೆಯದರ ಹೆಸರಿನಲ್ಲಿ ಕುಳಿತಿತ್ತು. ಅಂದಿನಿಂದ, ಹಿಂದಿರುಗಿ ಬಂದ ಯಂತ್ರವನ್ನು ಚಾಲೂ ಮಾಡಿ ಮೇಲಿನ ಆದೇಶ ಕೊಟ್ಟು, ಪರದೆಯ ನಂಬರನ್ನು ರಿಜಿಸ್ಟರಿನ ನಂಬರಿನೊಂದಿಗೆ ಹೋಲಿಸಿದ ಮೇಲೆಯೇ ಸಹಿ ಹಾಕುತ್ತೇನೆ. ಎರಡು ನಿಮಿಷದ ಕೆಲಸ ಅದು.

ವಾರಂಟಿ: ಬಿಲ್ ಹೇಳುವುದು, ತಯಾರಕರು ಹೇಳುವುದು

ವಾರಂಟಿಯ ಕಾಲಂಗಳು ನಾಲ್ಕು ಬೇಕು: ಆರಂಭದ ದಿನ, ತಿಂಗಳುಗಳ ಲೆಕ್ಕ, ಕೊನೆಯ ದಿನ, ಮತ್ತು ಆ ಕೊನೆಯ ದಿನ ಎಲ್ಲಿಂದ ಬಂತು ಎಂಬುದು. ಆರಂಭದ ದಿನ H ಕಾಲಂನಲ್ಲಿ, ತಿಂಗಳು I ಕಾಲಂನಲ್ಲಿ ಇದ್ದರೆ ಕೊನೆಯ ದಿನ J ಕಾಲಂನಲ್ಲಿ ಹೀಗೆ ಬರುತ್ತದೆ:

```
=EDATE(H2,I2)-1
```

2023-08-14ರಂದು ಶುರುವಾದ 36 ತಿಂಗಳ ವಾರಂಟಿ ಇದರಿಂದ 2026-08-13ಕ್ಕೆ ಮುಗಿಯುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಬರೆಯಬೇಕೆಂದು ಒತ್ತಿ ಹೇಳುತ್ತೇನೆ. 03/07/2025 ಎಂಬುದು ಒಂದು ಕಂಪ್ಯೂಟರಿನಲ್ಲಿ ಜುಲೈ 3, ಇನ್ನೊಂದರಲ್ಲಿ ಮಾರ್ಚ್ 7, ಮತ್ತು ಎರಡೂ ಯಾವ ದೋಷ ಸೂಚನೆಯನ್ನೂ ಕೊಡದೆ ಒಳಗೆ ಸೇರುತ್ತವೆ. ದಿನಾಂಕ ನಿಜಕ್ಕೂ ದಿನಾಂಕವಾಗಿ ಸೇರಿದೆಯೇ ಎಂದು ತಿಳಿಯಲು ಕೋಶವನ್ನು ತಾತ್ಕಾಲಿಕವಾಗಿ ಸಂಖ್ಯೆಯ ರೂಪಕ್ಕೆ ತನ್ನಿ: ಐದಂಕಿಯ ಸಂಖ್ಯೆ ಕಂಡರೆ ಸರಿ, ಹಾಗೆಯೇ ಬರಹವಾಗಿ ಉಳಿದರೆ ಅದು ಪಠ್ಯ.

ಈ ಲೆಕ್ಕ ಎಷ್ಟೇ ಸರಿಯಿದ್ದರೂ ಅದು ನಮ್ಮ ಲೆಕ್ಕ. ರಿಪೇರಿ ಮಾಡಿಕೊಡಬೇಕಾದವರು ನೋಡುವುದು ತಮ್ಮ ದಾಖಲೆಯನ್ನು. ಮಾರಾಟದ ದಿನ ತಯಾರಕರಿಗೆ ತಿಳಿಯದಿದ್ದಾಗ ಅವರು ಯಂತ್ರ ತಮ್ಮಿಂದ ಹೊರಟ ದಿನದಿಂದಲೇ ವಾರಂಟಿ ಎಣಿಸಿರುವುದುಂಟು. ಯಂತ್ರ ಅಂಗಡಿಯಲ್ಲಿ ಎಷ್ಟು ದಿನ ಕುಳಿತಿತ್ತೋ ಅಷ್ಟು ದಿನ ನಮಗೆ ನಷ್ಟ. ದೊಡ್ಡ ತಯಾರಕರ ಜಾಲತಾಣಗಳಲ್ಲಿ ಸೀರಿಯಲ್ ನಂಬರ್ ಕೊಟ್ಟು ವಾರಂಟಿ ನೋಡುವ ಪುಟ ಇರುತ್ತದೆ. ವಸ್ತು ಬಂದ ವಾರದಲ್ಲೇ ಅಲ್ಲಿ ನೋಡಿ, ಆ ಪುಟವನ್ನು ಪಿಡಿಎಫ್ ಆಗಿ ಕಚೇರಿಯ ಸಂಖ್ಯೆಯ ಹೆಸರಿನಲ್ಲಿ ಉಳಿಸಿ, ನಾಲ್ಕನೆಯ ಕಾಲಂನಲ್ಲಿ "ತಯಾರಕರ ಪುಟ" ಎಂದು ಬರೆಯಬೇಕು. ನೋಡದಿದ್ದರೆ "ಬಿಲ್" ಎಂದು ಬರೆಯಬೇಕು. ಈ ಒಂದು ಪದದಿಂದ ಯಾವ ದಿನಾಂಕವನ್ನು ನಂಬಬಹುದು, ಯಾವುದನ್ನು ಇನ್ನೂ ಪರೀಕ್ಷಿಸಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸೀರಿಯಲ್ ನಂಬರಿನಲ್ಲಿ ತಪ್ಪಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ, ಏಕೆಂದರೆ ಆ ಪುಟ ಅಂಥ ನಂಬರ್ ಇಲ್ಲ ಎನ್ನುತ್ತದೆ ಅಥವಾ ಬೇರೆ ಮಾದರಿಯನ್ನು ತೋರಿಸುತ್ತದೆ.

ಹಣ ಕೊಟ್ಟು ಕೊಂಡ ಹೆಚ್ಚುವರಿ ವಾರಂಟಿಯನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಅದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬಂದಿರುತ್ತದೆ, ಆದರೆ ಯಾವ ಸೀರಿಯಲ್ ನಂಬರಿಗೆ ಎಂದು ಯಾರೂ ನೋಂದಾಯಿಸದೆ ಬಿಟ್ಟಿರಬಹುದು. ತಯಾರಕರ ಪುಟದಲ್ಲಿ ಹೆಚ್ಚಿದ ಅವಧಿ ಕಾಣುವವರೆಗೆ ಅದನ್ನು ಕೊಂಡಂತಲ್ಲ ಎಂದೇ ತಿಳಿಯಬೇಕು. ಬ್ಯಾಟರಿಯ ಮಾತೂ ಇದೆ: ಲ್ಯಾಪ್‌ಟಾಪ್‌ಗೆ ಮೂರು ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಬಹಳ ಸಲ ಒಂದೇ ವರ್ಷ ಇರುತ್ತದೆ. ಬ್ಯಾಟರಿಯ ಕೊನೆಯ ದಿನಕ್ಕೊಂದು ಕಾಲಂ ಇದ್ದರೆ ಹನ್ನೊಂದನೆಯ ತಿಂಗಳಲ್ಲಿ ದುರ್ಬಲ ಬ್ಯಾಟರಿಗಳನ್ನು ಗುರುತಿಸಿ ದೂರು ಕೊಡಲು ಅವಕಾಶ ಸಿಗುತ್ತದೆ. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಸಾಮಾನ್ಯ ವಾರಂಟಿಯಲ್ಲಿ ಸೇರುವುದಿಲ್ಲ. ತಂತ್ರಜ್ಞರು ಕಚೇರಿಗೆ ಬರುತ್ತಾರೋ ನಾವೇ ಒಯ್ಯಬೇಕೋ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಟ್ಟರೆ ಸಾಕು.

ಮುಗಿಯುವ ದಿನ ಹತ್ತಿರವಾದದ್ದು ಕಣ್ಣಿಗೆ ಬೀಳುವಂತೆ, J ಕಾಲಂಗೆ Conditional Formatting ಮೂಲಕ ಷರತ್ತಿನ ಬಣ್ಣ ಹಚ್ಚುವ ನಿಯಮ ಹೀಗಿರಲಿ:

```
=AND(J2<>"",J2>=TODAY(),J2-TODAY()<=60)
```

ಅರವತ್ತು ದಿನ ಎಂದದ್ದು ಸುಮ್ಮನೆ ಅಲ್ಲ. ಬಣ್ಣ ಬಂದ ವಸ್ತುವಿನ ಬಳಿ ಹೋಗಿ, ಬಳಸುವವರನ್ನು ಕೇಳಬೇಕು: ಕೀಲಿ ಯಾವುದಾದರೂ ಅಂಟುತ್ತದೆಯೇ, ಹಿಂಜು ಸಡಿಲವಾಗಿದೆಯೇ, ಫ್ಯಾನ್ ಸದ್ದು ಮಾಡುತ್ತದೆಯೇ, ಚಾರ್ಜ್ ಆಗುವ ಕಿಂಡಿಯಲ್ಲಿ ತಂತಿ ಅಲುಗುತ್ತದೆಯೇ. ಜನ ಇಂಥ ಸಣ್ಣ ತೊಂದರೆಗಳೊಂದಿಗೆ ತಿಂಗಳುಗಟ್ಟಲೆ ಹೊಂದಿಕೊಂಡು ಬಿಡುತ್ತಾರೆ, ತಾವಾಗಿ ಹೇಳುವುದಿಲ್ಲ. ದೂರು ಕೊಟ್ಟು, ಬಿಡಿಭಾಗ ತರಿಸಿ, ಮೊದಲ ರಿಪೇರಿ ಸರಿಯಾಗದಿದ್ದರೆ ಎರಡನೆಯ ಸಲ ಕರೆಸಲು ಎರಡು ತಿಂಗಳು ಸಾಕಾಗುತ್ತದೆ, ಒಂದು ವಾರ ಸಾಕಾಗುವುದಿಲ್ಲ.

ಒಂದು ಲ್ಯಾಪ್‌ಟಾಪಿನ ಮೂರು ವರ್ಷ

ಮೇಲಿನದನ್ನೆಲ್ಲ ಒಂದೇ ವಸ್ತುವಿನಲ್ಲಿ ನೋಡೋಣ. LT-007ರ ಬಿಲ್ 2023-08-14ರದ್ದು, ವಾರಂಟಿ 36 ತಿಂಗಳು. ಅದೇ ವಾರ ತಯಾರಕರ ಪುಟ ನೋಡಿದಾಗ ಅಲ್ಲಿ ಕೊನೆಯ ದಿನ 2026-06-19 ಎಂದಿದೆ, ಅಂದರೆ ನಮ್ಮ ಲೆಕ್ಕಕ್ಕಿಂತ 55 ದಿನ ಮುಂಚೆ. ಬಿಲ್ಲಿನ ಪ್ರತಿಯನ್ನು ಸೀರಿಯಲ್ ನಂಬರಿನೊಂದಿಗೆ ಕಳುಹಿಸಿ ತಿದ್ದುಪಡಿ ಕೇಳಲಾಯಿತು, ಪುಟದಲ್ಲಿ 2026-08-13 ಎಂದು ಬಂದ ಮೇಲೆ ಅದನ್ನು ಉಳಿಸಿ ಶೀಟಿನಲ್ಲಿ "ತಯಾರಕರ ಪುಟ" ಎಂದು ಬರೆಯಲಾಯಿತು. ಹಸ್ತಾಂತರದ ಶೀಟಿನಲ್ಲಿ ಮೊದಲ ಸಾಲು: ದಾಸ್ತಾನಿನಿಂದ ಲೆಕ್ಕಪತ್ರ ನೋಡುವವರಿಗೆ, ಟಿಪ್ಪಣಿ "ಚಾರ್ಜರ್ ಸಹಿತ".

2024ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಕೆಟ್ಟಿತು. ರಿಪೇರಿಗೆ ಹೋದದ್ದು ಒಂದು ಸಾಲು, ಬಂದದ್ದು ಇನ್ನೊಂದು ಸಾಲು. ಬಂದ ಮೇಲೆ ಆದೇಶ ಕೊಟ್ಟು ನೋಡಿದರೆ ಸೀರಿಯಲ್ ನಂಬರ್ ಖಾಲಿ. ಪರದೆಯಲ್ಲಿ ಕಾಣುವ ನಂಬರ್ ಮದರ್‌ಬೋರ್ಡಿನೊಳಗೆ ಬರೆದದ್ದು. ಬೋರ್ಡ್ ಬದಲಿಸಿದಾಗ ಹಳೆಯ ನಂಬರನ್ನು ಹೊಸ ಬೋರ್ಡಿಗೆ ಬರೆಯುವುದು ತಂತ್ರಜ್ಞರ ಕೆಲಸ, ಅದನ್ನು ಅವರು ಮರೆತಿದ್ದರು. ಅಡಿಯ ಚೀಟಿ ಮತ್ತು ರಿಜಿಸ್ಟರ್ ಒಂದೇ ನಂಬರ್ ಹೇಳುತ್ತಿದ್ದುದರಿಂದ ಅವರನ್ನು ಮತ್ತೆ ಕರೆಸಿ ಬರೆಸುವುದು ಸುಲಭವಾಯಿತು. ತಂತ್ರಜ್ಞರು ಎದ್ದು ಹೋಗುವ ಮೊದಲೇ ಆದೇಶ ಕೊಟ್ಟು ನೋಡಿದ್ದರೆ ಆ ಎರಡನೆಯ ಭೇಟಿಯೂ ಬೇಕಿರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅದೇ ತೊಂದರೆ ಮರುಕಳಿಸಿ, ತಯಾರಕರು ಇಡೀ ಯಂತ್ರವನ್ನೇ ಬದಲಿಸಿ ಕೊಟ್ಟರು. ಇಲ್ಲಿ ಬಹಳ ಜನ LT-007ರ ಸಾಲಿನಲ್ಲಿ ಸೀರಿಯಲ್ ನಂಬರನ್ನು ತಿದ್ದಿ ಮುಗಿಸುತ್ತಾರೆ. ಹಾಗೆ ಮಾಡಿದರೆ ಬಿಲ್ಲಿನಲ್ಲಿರುವ ನಂಬರ್ ರಿಜಿಸ್ಟರಿನಲ್ಲಿ ಎಲ್ಲೂ ಸಿಗುವುದಿಲ್ಲ, ಲೆಕ್ಕ ತಪಾಸಣೆಗೆ ಬಂದವರಿಗೆ ಒಂದು ಯಂತ್ರ ಕಾಣೆಯಾದಂತೆಯೂ ಇನ್ನೊಂದು ಎಲ್ಲಿಂದಲೋ ಬಂದಂತೆಯೂ ತೋರುತ್ತದೆ. ಸರಿಯಾದ ಕ್ರಮವೆಂದರೆ ಹೊಸ ಯಂತ್ರಕ್ಕೆ LT-031 ಎಂಬ ಹೊಸ ಸಾಲು, LT-007ರ ಸ್ಥಿತಿಗೆ "ತಯಾರಕರಿಗೆ ಹಿಂದಿರುಗಿಸಿದೆ", ಮತ್ತು ಎರಡೂ ಸಾಲಿನ ಟಿಪ್ಪಣಿಯಲ್ಲಿ ಒಂದರ ಸಂಖ್ಯೆ ಇನ್ನೊಂದರಲ್ಲಿ. ಬದಲಿಸಿ ಕೊಟ್ಟ ಪತ್ರವೇ ಇನ್ನು LT-031ಕ್ಕೆ ಬಿಲ್ ಇದ್ದಂತೆ, ಅದನ್ನೂ ಅದೇ ಹೆಸರಿನಲ್ಲಿ ಉಳಿಸಬೇಕು. ಬದಲಿ ಯಂತ್ರಕ್ಕೆ ಸಾಮಾನ್ಯವಾಗಿ ಸಿಗುವುದು ಹಳೆಯದರ ಉಳಿದ ಅವಧಿ ಮಾತ್ರ, ಆದ್ದರಿಂದ ಇಲ್ಲಿ ಸೂತ್ರ ನಡೆಯುವುದಿಲ್ಲ. J ಕಾಲಂನಲ್ಲಿ ಸೂತ್ರವನ್ನು ಅಳಿಸಿ, ತಯಾರಕರ ಪುಟ ನೋಡಿ, 2026-08-13 ಎಂದು ಕೈಯಿಂದಲೇ ಬರೆಯಬೇಕು. ಸೂತ್ರವನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಪೂರ್ತಿ 36 ತಿಂಗಳು ಕೊಟ್ಟು, ಇಲ್ಲದ ಎರಡು ವರ್ಷವನ್ನು ತೋರಿಸುತ್ತದೆ.

ಮೊದಲ ದಿನ, ಮತ್ತು ಆರು ತಿಂಗಳಿಗೊಮ್ಮೆ

ರಿಜಿಸ್ಟರ್ ಕಟ್ಟುವಾಗ ಬಿಲ್‌ಗಳಿಂದ ಶುರು ಮಾಡಬಾರದು, ಮೇಜುಗಳಿಂದ ಶುರು ಮಾಡಬೇಕು. ಇಬ್ಬರು ಮೇಜಿನಿಂದ ಮೇಜಿಗೆ ಹೋಗಿ, ಒಬ್ಬರು ನಂಬರ್ ತೆಗೆದು ಚೀಟಿ ಅಂಟಿಸುತ್ತಾ ಇನ್ನೊಬ್ಬರು ಬರೆಯುತ್ತಾ ಹೋದರೆ ಇಪ್ಪತ್ತು ಜನರ ಕಚೇರಿ ಒಂದು ದಿನದಲ್ಲಿ ಮುಗಿಯುತ್ತದೆ. ಕಪಾಟುಗಳನ್ನೂ ಸಭಾಕೋಣೆಯನ್ನೂ ಮನೆಯಿಂದ ಕೆಲಸ ಮಾಡುವವರನ್ನೂ ಮರೆಯಬಾರದು. ಬಿಲ್‌ಗಳನ್ನು ಎರಡನೆಯ ದಿನ ತೆರೆದು ಹೋಲಿಸಬೇಕು. ಆಗ ಎರಡು ಗುಂಪು ಉಳಿಯುತ್ತವೆ: ಬಿಲ್ ಇದ್ದು ವಸ್ತು ಸಿಗದವು, ವಸ್ತು ಇದ್ದು ಬಿಲ್ ಸಿಗದವು. ಮೊದಲಿನವುಗಳಿಗೂ ಸಾಲು ಕೊಟ್ಟು ಸ್ಥಿತಿಯಲ್ಲಿ "ಪತ್ತೆಯಿಲ್ಲ" ಎಂದು ಬರೆದಿಡಬೇಕು. ಅವುಗಳಲ್ಲಿ ಕೆಲವು ರಿಪೇರಿ ಅಂಗಡಿಯಲ್ಲಿ ಮರೆತುಹೋದವು, ಕೆಲವು ಕೆಲಸ ಬಿಟ್ಟವರ ಮನೆಯಲ್ಲಿ ಉಳಿದವು ಎಂದು ನಿಧಾನವಾಗಿ ತಿಳಿಯುತ್ತಾ ಹೋಗುತ್ತದೆ.

ಶೀಟಿನಲ್ಲಿ ಬರೆಯುವ ಅಧಿಕಾರ ಒಬ್ಬರಿಗೆ ಇರಲಿ, ಅವರು ರಜೆಯಲ್ಲಿದ್ದಾಗ ಇನ್ನೊಬ್ಬರಿಗೆ. ಉದ್ಯೋಗಿಗಳ ಹೆಸರಿರುವ ಕಾರಣ ಅದನ್ನು ಎಲ್ಲರಿಗೂ ತೆರೆದಿಡುವುದು ಸರಿಯಲ್ಲ. ಪಾಸ್‌ವರ್ಡ್‌ಗಳನ್ನು ಯಾವ ಕಾರಣಕ್ಕೂ ಈ ಶೀಟಿನಲ್ಲಿ ಬರೆಯಬಾರದು. ವಿಲೇವಾರಿಯಾದ ವಸ್ತುವಿನ ಸಾಲನ್ನು ಅಳಿಸದೆ, ಸ್ಥಿತಿಯನ್ನು ಬದಲಾಯಿಸಿ, ಡಿಸ್ಕನ್ನು ಅಳಿಸಿದ ದಿನಾಂಕವನ್ನು ಟಿಪ್ಪಣಿಯಲ್ಲಿ ಸೇರಿಸಬೇಕು.

ಆರು ತಿಂಗಳಿಗೊಮ್ಮೆ ಮಾಡುವ ಪರಿಶೀಲನೆ ಎರಡೂ ದಿಕ್ಕಿನಿಂದ ನಡೆಯಬೇಕು. ಶೀಟಿನಿಂದ ಹತ್ತು ಸಾಲು ಆರಿಸಿ ಆ ವಸ್ತುಗಳನ್ನು ಹುಡುಕಿದರೆ ಕಾಣೆಯಾದವು ಗೊತ್ತಾಗುತ್ತವೆ. ಆದರೆ ರಿಜಿಸ್ಟರಿಗೆ ಸೇರದೆಯೇ ಬಂದವು ಅದರಿಂದ ಎಂದೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಹತ್ತು ಮೇಜುಗಳನ್ನು ಆರಿಸಿ, ಅಲ್ಲಿರುವ ಪ್ರತಿ ವಸ್ತುವಿನ ಚೀಟಿ ಓದಿ ಶೀಟಿನಲ್ಲಿ ಹುಡುಕಬೇಕು. ಸಿಕ್ಕ ವಸ್ತುವಿನ ಸಾಲಿನಲ್ಲಿ "ಕೊನೆಯ ಬಾರಿ ಕಂಡದ್ದು" ಎಂಬ ಕಾಲಂಗೆ ಆ ದಿನದ ದಿನಾಂಕ ಬರೆಯಬೇಕು. ಎರಡು ಸುತ್ತು ಕಳೆದರೂ ಆ ಕಾಲಂನಲ್ಲಿ ದಿನಾಂಕ ಬದಲಾಗದೆ ಉಳಿದ ಸಾಲುಗಳು ಮೂರನೆಯ ಸುತ್ತಿನ ಮೊದಲ ಕೆಲಸ: ಹಸ್ತಾಂತರದ ಶೀಟಿನಲ್ಲಿ ಕೊನೆಯದಾಗಿ ಯಾರ ಹೆಸರಿದೆಯೋ ಅವರ ಬಳಿ ಹೋಗಿ, ವಸ್ತುವನ್ನು ಕಣ್ಣಾರೆ ನೋಡಿ, ನಂಬರ್ ಹೋಲಿಸಿ ಬರಬೇಕು.